ಬ್ಯಾರಲ್‌ಗೆ ಎಷ್ಟು ಬಿತ್ತು, ಮೈಮೇಲೆ ಏನಿತ್ತು: ಔಷಧಿ ತಗುಲಿದ ಆಳಿನ ವರದಿ

ಪ್ರಶ್ನೆ: ಡಾಕ್ಟ್ರೇ, ನಾನು ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಮೊನ್ನೆ ಅರೇಬಿಕಾ ಬ್ಲಾಕಿಗೆ ಕಾಂಡಕೊರಕದ ಔಷಧಿ ಹೊಡೆಸುವಾಗ, ಔಷಧಿ ಕಲಸುತ್ತಿದ್ದ ಆಳಿಗೆ ಮಧ್ಯಾಹ್ನದ ಮೇಲೆ ಮೈಯೆಲ್ಲ ಬೆವರು, ವಾಂತಿ ಶುರುವಾಯಿತು. ಆಸ್ಪತ್ರೆಗೆ ಸೇರಿಸಿದೆವು, ಈಗ ಹುಷಾರಾಗಿ ಮನೆಗೆ ಬಂದಿದ್ದಾನೆ. ಈ ಸಲ ಅಂಗಡಿಯವರು ಬೇರೆ ಔಷಧಿ ಕೊಟ್ಟಿದ್ದರು, ಬಾಟಲಿ ಮೇಲೆ 50+5 ಅಂತ ಇತ್ತು. ಮೊದಲಿನ 20 ಇ.ಸಿ. ಹಾಕುತ್ತಿದ್ದ ಹಾಗೇ 200 ಲೀಟರ್ ಬ್ಯಾರಲ್‌ಗೆ 600 ಎಂ.ಎಲ್. ಹಾಕಿದೆವು. ಗ್ಲೌಸ್, ಮಾಸ್ಕ್ ಕೊಟ್ಟಿದ್ದೆವು. ಮ್ಯಾನೇಜರ್ ವರದಿ ಕೇಳಿದ್ದಾರೆ. ಹಳೇ ಫೈಲಿನಲ್ಲಿ ‘ಶಿಫಾರಸಿನ ಪ್ರಮಾಣದಲ್ಲಿ ಹೊಡೆಸಲಾಗಿದೆ, ಸುರಕ್ಷತಾ ಸಾಮಗ್ರಿ ಕೊಡಲಾಗಿದೆ’ ಅಂತ ಎರಡು ಸಾಲು ಇದೆ. ಅಷ್ಟೇ ಬರೆದರೆ ಸಾಕಾ?

ಉತ್ತರ: ಸಾಕಾಗುವುದಿಲ್ಲ. ಈ ಸಲ ಆ ಎರಡು ಸಾಲಲ್ಲಿ ಮೊದಲನೆಯದು ಸುಳ್ಳಾಗುತ್ತದೆ, ಎರಡನೆಯದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನೀವು ನನಗೆ ಬರೆದ ಪತ್ರದಲ್ಲೇ ಆ ಹಳೇ ಫೈಲಿಗಿಂತ ಜಾಸ್ತಿ ವಿಷಯ ಇದೆ. ಅದನ್ನು ಹಾಗೇ ಬಿಡಿಸಿ ಬರೆದರೆ ಒಳ್ಳೆಯ ವರದಿ ಆಗುತ್ತದೆ. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಬಾಟಲಿಯ ವಿಷಯ. ನಮ್ಮ ಕಡೆ ತೋಟದಲ್ಲಿ ಎಲ್ಲದಕ್ಕೂ ‘ಔಷಧಿ’ ಅನ್ನುತ್ತೇವೆ. ಹುಳಕ್ಕೆ ಹೊಡೆಯುವುದೂ ಔಷಧಿ, ಕಳೆಗೆ ಹೊಡೆಯುವುದೂ ಔಷಧಿ, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಕೂಡ ಔಷಧಿ. ಆಸ್ಪತ್ರೆಯಲ್ಲಿ ಕೂತವರಿಗೆ ಈ ಒಂದು ಪದದಿಂದ ಏನೂ ಗೊತ್ತಾಗುವುದಿಲ್ಲ. ಹಲವು ವರ್ಷಗಳ ಹಿಂದೆ ಒಂದು ತೋಟದಿಂದ ಒಬ್ಬ ಹೆಂಗಸನ್ನು ನಮ್ಮಲ್ಲಿಗೆ ಕರೆತಂದರು. ಬೆನ್ನಿನ ಪಂಪ್ ಸೋರಿ ಸೊಂಟದ ಕೆಳಗೆಲ್ಲ ನೆನೆದಿತ್ತು. ಕೈಗೆ ಕೊಟ್ಟು ಕಳಿಸಿದ ಚೀಟಿಯಲ್ಲಿ ‘ಔಷಧಿ ಹೊಡೆಯುವಾಗ ತಲೆಸುತ್ತು’ ಅಂತ ಮಾತ್ರ ಇತ್ತು. ಜೊತೆಗೆ ಬಂದವರು ಹುಳದ ಔಷಧಿ ಇರಬೇಕು ಅಂದರು. ನಾವು ಆಕ್ಸಿಜನ್ ಹಚ್ಚಿದೆವು. ಮೂರು ಗಂಟೆ ಕಳೆದ ಮೇಲೆ ಯಾರೋ ಬೈಕಿನಲ್ಲಿ ಬಾಟಲಿ ತಂದರು. ನೋಡಿದರೆ ಅದು ಪ್ಯಾರಾಕ್ವಾಟ್, ಕಳೆ ಸುಡುವ ಔಷಧಿ. ಪ್ಯಾರಾಕ್ವಾಟ್ ಮೈಗೆ ಸೇರಿದವರಿಗೆ ಬೇಡದ ಆಕ್ಸಿಜನ್ ಕೊಟ್ಟರೆ ಶ್ವಾಸಕೋಶ ಇನ್ನೂ ಕೆಡುತ್ತದೆ. ರಕ್ತದಲ್ಲಿ ಆಕ್ಸಿಜನ್ ನಿಜವಾಗಿ ಇಳಿದಾಗ ಮಾತ್ರ ಕೊಡಬೇಕು. ಕಾಂಡಕೊರಕದ ಔಷಧಿಯಲ್ಲಾದರೆ ಉಸಿರು ಕಟ್ಟಿದವರಿಗೆ ಆಕ್ಸಿಜನ್ ಬೇಕೇ ಬೇಕು. ಆಕೆ ಉಳಿದುಕೊಂಡರು. ಆದರೆ ಆ ಮೂರು ಗಂಟೆ ನನಗೆ ಇವತ್ತಿಗೂ ಮರೆತಿಲ್ಲ. ಚೀಟಿಯಲ್ಲಿ ಒಂದು ಹೆಸರು ಇದ್ದಿದ್ದರೆ ಸಾಕಿತ್ತು.

ಆದ್ದರಿಂದ ವರದಿಯಲ್ಲಿ ಬಾಟಲಿಯ ಮುಂದಿನ ದೊಡ್ಡ ಹೆಸರು ಬರೆದು ನಿಲ್ಲಿಸಬೇಡಿ. ಅದು ಕಂಪನಿ ಇಟ್ಟ ಹೆಸರು, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಳಗಿರುವ ವಿಷದ ಹೆಸರು, ಅದರ ಶೇಕಡ ಎಷ್ಟು, ಇ.ಸಿ.ಯೋ ಪುಡಿಯೋ ಎಂಬುದು ಇರುತ್ತದೆ. ನೀವು ಹೇಳುತ್ತಿರುವ 50+5 ಅಂದರೆ ಕಾಂಡಕೊರಕಕ್ಕೆ ಸಾಮಾನ್ಯವಾಗಿ ಬರುವ ಜೋಡಿ: ಕ್ಲೋರ್‌ಪೈರಿಫಾಸ್ ನೂರಕ್ಕೆ 50, ಸೈಪರ್‌ಮೆಥ್ರಿನ್ ನೂರಕ್ಕೆ 5. ಆದರೂ ನನ್ನ ಮಾತು ನಂಬಿ ಬರೆಯಬೇಡಿ, ಲೇಬಲ್ ನೋಡಿಯೇ ಬರೆಯಿರಿ. ಬ್ಯಾಚ್ ನಂಬರ್, ತಯಾರಾದ ತಾರೀಕು, ಅವಧಿ ಮುಗಿಯುವ ತಾರೀಕು ಕೂಡ ಇರಲಿ. ಲೇಬಲ್ಲಿನ ಮೇಲೆ ವಜ್ರದ ಆಕಾರದ ಚೌಕ ಇರುತ್ತದೆ, ಅದರ ಕೆಳಗಿನ ಅರ್ಧ ಯಾವ ಬಣ್ಣ ಅಂತ ಬರೆಯಿರಿ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಕ್ಲೋರ್‌ಪೈರಿಫಾಸ್ ಬಾಟಲಿಯಲ್ಲಿ ಹಳದಿ ಇರುತ್ತದೆ. ಓದು ಬಾರದ ಆಳಿಗೂ ಈ ಬಣ್ಣ ನೆನಪಿರುತ್ತದೆ. ನೀವಿಲ್ಲದ ಹೊತ್ತಿನಲ್ಲಿ ಏನಾದರೂ ಆದರೆ ಅವರು ಹೇಳಬಲ್ಲ ಒಂದೇ ಗುರುತು ಅದಾಗಿರಬಹುದು.

ಎರಡೂ ವಿಷಗಳ ಹೆಸರು ಯಾಕೆ ಬೇಕು ಅಂದರೆ, ಅವು ದೇಹದಲ್ಲಿ ಬೇರೆ ಬೇರೆ ಕೆಲಸ ಮಾಡುತ್ತವೆ. ಸೈಪರ್‌ಮೆಥ್ರಿನ್ ತಾಗಿದರೆ ಸಾಮಾನ್ಯವಾಗಿ ಮುಖ, ಕೈ ಉರಿಯುತ್ತದೆ, ಚುಮುಚುಮು ಅನ್ನುತ್ತದೆ. ಒಂದು ದಿನದಲ್ಲಿ ತಾನೇ ಇಳಿಯುತ್ತದೆ. ಕ್ಲೋರ್‌ಪೈರಿಫಾಸ್ ಆರ್ಗನೋಫಾಸ್ಫೇಟ್ ಗುಂಪಿನದು. ಅದು ನರದ ಸಂದೇಶವನ್ನು ನಿಲ್ಲಿಸುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಗ್ರಂಥಿಗಳೂ ಸ್ನಾಯುಗಳೂ ಬಿಡುವಿಲ್ಲದೆ ದುಡಿಯುತ್ತವೆ. ಬೆವರು, ಜೊಲ್ಲು, ಕಣ್ಣೀರು, ವಾಂತಿ, ಭೇದಿ, ಎದೆ ಬಿಗಿತ ಎಲ್ಲ ಬರುವುದು ಹೀಗೆ. ಇದಕ್ಕೆ ಅಟ್ರೋಪಿನ್ ಇಂಜೆಕ್ಷನ್ ಇದೆ. ಚೀಟಿಯಲ್ಲಿ ‘ಸೈಪರ್‌ಮೆಥ್ರಿನ್’ ಅಂತ ಅರ್ಧ ಹೆಸರು ಬಂದರೆ ಡಾಕ್ಟರ್ ‘ಇದು ಅಷ್ಟು ಅಪಾಯ ಇಲ್ಲ’ ಅಂದುಕೊಳ್ಳುವ ಸಂಭವ ಇದೆ.

ಬ್ಯಾರಲ್‌ಗೆ ಜೊತೆಯಲ್ಲಿ ಬಿದ್ದದ್ದನ್ನೂ ಬಿಡಬೇಡಿ. ಅಂಟು ಹಾಕಿರುತ್ತೀರಿ, ಕೆಲವರು ‘ಒಂದೇ ಖರ್ಚಲ್ಲಿ ಆಗಲಿ’ ಅಂತ ಯೂರಿಯಾ, ಜಿಂಕ್ ಕೂಡ ಸೇರಿಸುತ್ತಾರೆ. ಅಂಟು ಚರ್ಮದ ಮೇಲೂ ಔಷಧಿಯನ್ನು ಚೆನ್ನಾಗಿ ಹರಡಿಸುತ್ತದೆ. ಇ.ಸಿ. ಅಂದರೆ ಸೀಮೆಎಣ್ಣೆ ಜಾತಿಯ ದ್ರಾವಕದಲ್ಲಿ ಕರಗಿಸಿದ ವಿಷ. ಅದು ಬಾಯಿಗೆ ಹೋದವರಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು, ದ್ರಾವಕ ಶ್ವಾಸಕೋಶಕ್ಕೆ ಇಳಿಯುತ್ತದೆ. ಡಾಕ್ಟರಿಗೆ ‘ಇ.ಸಿ.’ ಎಂಬ ಎರಡಕ್ಷರ ಬೇಕಾಗುವುದು ಇದಕ್ಕೆ.

ಈಗ ಪ್ರಮಾಣಕ್ಕೆ ಬರೋಣ. ನಿಮ್ಮ ತೋಟದಲ್ಲಿ ಆದ ತಪ್ಪು ಇಲ್ಲೇ ಇದೆ. ಇದೊಂದನ್ನು ಸ್ವಲ್ಪ ನಿಧಾನವಾಗಿ ನೋಡಿ.

ಹಳೆಯ 20 ಇ.ಸಿ.ಯಲ್ಲಿ ನೂರು ಎಂ.ಎಲ್.ಗೆ ಸುಮಾರು 20 ಗ್ರಾಂ ಕ್ಲೋರ್‌ಪೈರಿಫಾಸ್ ಇರುತ್ತದೆ. 600 ಎಂ.ಎಲ್. ಹಾಕಿದರೆ ಬ್ಯಾರಲ್‌ಗೆ ಬೀಳುವುದು 120 ಗ್ರಾಂ. 200 ಲೀಟರಿಗೆ ಹಂಚಿದರೆ ಲೀಟರಿಗೆ 0.6 ಗ್ರಾಂ. ಹೊಸ ಬಾಟಲಿಯಲ್ಲಿ ನೂರು ಎಂ.ಎಲ್.ಗೆ 50 ಗ್ರಾಂ ಇದೆ. ಅದೇ 600 ಎಂ.ಎಲ್. ಹಾಕಿದಾಗ ಬಿದ್ದದ್ದು 300 ಗ್ರಾಂ. ಲೀಟರಿಗೆ ಒಂದೂವರೆ ಗ್ರಾಂ. ಅಂದರೆ ಎರಡೂವರೆ ಪಟ್ಟು. ಮೊದಲಿನ ಬಲವೇ ಬೇಕಿದ್ದರೆ ಹೊಸದನ್ನು 240 ಎಂ.ಎಲ್. ಹಾಕಿದ್ದರೆ ಸಾಕಿತ್ತು. ಬಾಟಲಿಯ ಜೊತೆ ಮಡಚಿಟ್ಟ ಕರಪತ್ರ ಇರುತ್ತದೆ, ಅದರಲ್ಲಿ ಎಷ್ಟಿದೆ ಅಂತ ತೆಗೆದು ನೋಡಿ. ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ: ಕರಪತ್ರ ಹೇಳಿದ್ದು ಇಷ್ಟು, ನಾವು ಹಾಕಿದ್ದು ಇಷ್ಟು.

ಇದನ್ನು ಬರೆಯಲು ನಿಮಗೆ ಹಿಂಜರಿಕೆ ಆಗುತ್ತದೆ, ನನಗೆ ಗೊತ್ತು. ಅಳತೆ ಹೇಳಿದವರು ನೀವೇ ಆಗಿರಬಹುದು. ಆದರೆ ಇದು ಒಬ್ಬ ರೈಟರ್ ಸುಮ್ನೆ ಬೇಜವಾಬ್ದಾರಿಯಿಂದ ಮಾಡಿದ ತಪ್ಪಲ್ಲ. ಔಷಧಿ ಬದಲಾಗಿದೆ, ಅಳತೆಯ ಮಗ್ ಬದಲಾಗಿಲ್ಲ. ಈ ತಪ್ಪನ್ನು ನಾನು ಒಂದಕ್ಕಿಂತ ಹೆಚ್ಚು ತೋಟಗಳಲ್ಲಿ ನೋಡಿದ್ದೇನೆ. ವರದಿಯಲ್ಲಿ ‘ಶಿಫಾರಸಿನ ಪ್ರಮಾಣ’ ಅಂತ ಬರೆದು ಮುಚ್ಚಿದರೆ ಮುಂದಿನ ಸುತ್ತಿನಲ್ಲೂ ಅದೇ ಮಗ್, ಅದೇ 600. ಕಾಂಡಕೊರಕದ ದುಂಬಿ ಹಾರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಅಂದರೆ ಕೆಲವೇ ತಿಂಗಳಲ್ಲಿ ಬ್ಯಾರಲ್ ಮತ್ತೆ ತೋಟಕ್ಕೆ ಇಳಿಯುತ್ತದೆ.

ಅಳತೆ ನಿಮಗೆ ನೆನಪಿರುವುದು ಸರಿಯೇ ಅಂತ ಸ್ಟಾಕ್ ಬುಕ್ ಇಟ್ಟು ತಾಳೆ ನೋಡಿ. ಆ ದಿನ ಸ್ಟೋರಿನಿಂದ ಎಷ್ಟು ಬಾಟಲಿ ಹೋಯಿತು, ವಾಪಸ್ ಎಷ್ಟು ಬಂತು, ಎಷ್ಟು ಬ್ಯಾರಲ್ ಕಲಸಿದಿರಿ. ಉದಾಹರಣೆಗೆ ಲೀಟರಿನ ಮೂರು ಬಾಟಲಿ ಖಾಲಿಯಾಗಿ ಐದು ಬ್ಯಾರಲ್ ಆಗಿದ್ದರೆ ಒಂದೊಂದಕ್ಕೆ 600 ಸರಿಹೋಯಿತು. ಮೂರು ಬಾಟಲಿಗೆ ನಾಲ್ಕೇ ಬ್ಯಾರಲ್ ಆಗಿದ್ದರೆ 750 ಬಿದ್ದಿದೆ ಅಥವಾ ಎಲ್ಲೋ ಚೆಲ್ಲಿದೆ. ಚೆಲ್ಲಿದ್ದರೆ ಯಾರ ಮೇಲೆ ಚೆಲ್ಲಿತು ಅನ್ನುವುದು ಮುಖ್ಯ. ಯಾವುದರಿಂದ ಅಳೆದಿರಿ ಅಂತಲೂ ಬರೆಯಿರಿ. ಗೆರೆ ಇರುವ ಮಗ್ಗಾ, ಟೀ ಲೋಟವಾ, ಬಾಟಲಿ ಮುಚ್ಚಳವಾ, ಅಂದಾಜಾ.

ಇಲ್ಲಿ ಇನ್ನೊಂದು ಮಾತು. ಗಿಡಕ್ಕೆ ಬಿದ್ದ ಪ್ರಮಾಣ ಬೇರೆ, ಮನುಷ್ಯನಿಗೆ ತಗುಲಿದ ಪ್ರಮಾಣ ಬೇರೆ. ಬ್ಯಾರಲ್ ಎರಡೂವರೆ ಪಟ್ಟು ಗಟ್ಟಿ ಇತ್ತು ಅಂದ ಮಾತ್ರಕ್ಕೆ ನಿಮ್ಮ ಆಳಿಗೆ ಎರಡೂವರೆ ಪಟ್ಟು ತಗುಲಿದೆ ಅಂತ ಆಗುವುದಿಲ್ಲ. ಅವನು ಪೈಪ್ ಹಿಡಿದವನಲ್ಲ, ಕಲಸಿದವನು. ಅವನ ಕೈಯಲ್ಲಿದ್ದದ್ದು ನೀರು ಸೇರದ ಅಸಲಿ ಔಷಧಿ. ಅದರ ಒಂದೇ ಎಂ.ಎಲ್.ನಲ್ಲಿ ಅರ್ಧ ಗ್ರಾಂ ವಿಷ ಇದೆ. ನೀವು ಕಲಸಿದ ಗಟ್ಟಿ ಬ್ಯಾರಲ್ಲಿನ ನೀರಲ್ಲಿ ಅಷ್ಟು ವಿಷ ಇರಬೇಕಾದರೆ ಮೂರನೇ ಒಂದು ಲೀಟರ್ ಬೇಕು. ಸರಿಯಾಗಿ ಕಲಸಿದ ಬ್ಯಾರಲ್‌ನಲ್ಲಾದರೆ ಮುಕ್ಕಾಲು ಲೀಟರಿಗೂ ಜಾಸ್ತಿ ಬೇಕು. ಬಾಟಲಿ ಬಗ್ಗಿಸುವಾಗ ಹೆಬ್ಬೆರಳ ಮೇಲೆ ಹರಿಯುವ ಒಂದೆರಡು ಎಂ.ಎಲ್., ಮೈಮೇಲೆ ಬೀಳುವ ಒಂದು ಚೊಂಬು ಸ್ಪ್ರೇ ನೀರಿನ ಹತ್ತಿರಕ್ಕೆ ಬರುತ್ತದೆ ಅಂತ ಆಳುಗಳಿಗೆ ಯಾರೂ ಹೇಳಿರುವುದಿಲ್ಲ. ವಾಸನೆ ಬಿಟ್ಟರೆ ಅದು ಎಣ್ಣೆಯ ಹಾಗೆ ಇರುತ್ತದೆ, ಚೂರೂ ಉರಿಯುವುದಿಲ್ಲ ಎಂದು ಎಷ್ಟೋ ಜನ ನನಗೆ ಹೇಳಿದ್ದಾರೆ.

ಆದ್ದರಿಂದ ಯಾರು ಯಾವ ಕೆಲಸದಲ್ಲಿದ್ದರು ಅಂತ ಬೇರೆ ಬೇರೆ ಬರೆಯಿರಿ. ಕಲಸಿದವರು ಯಾರು, ಕಾಂಡಕ್ಕೆ ಹೊಡೆದವರು ಯಾರು, ಪೈಪ್ ಎಳೆದವರು ಯಾರು. ಪೈಪ್ ಎಳೆಯುವವರನ್ನು ಎಲ್ಲರೂ ಮರೆಯುತ್ತಾರೆ. ಒದ್ದೆ ಪೈಪು ಕೈಯಲ್ಲಿ, ಒದ್ದೆ ಕಾಫಿ ಗಿಡದ ಮಧ್ಯೆ ನುಗ್ಗುವುದು, ತೊಡೆ ಸೊಂಟ ಎಲ್ಲ ನೆನೆದಿರುತ್ತದೆ. ಅವರಿಗೆ ಮಾಸ್ಕ್ ಕೂಡ ಕೊಟ್ಟಿರುವುದಿಲ್ಲ.

ಇಲ್ಲಿಂದ ಗ್ಲೌಸ್, ಮಾಸ್ಕಿನ ಮಾತು. ‘ಕೊಡಲಾಗಿದೆ’ ಅನ್ನುವುದು ಸ್ಟೋರಿನ ಲೆಕ್ಕ. ವರದಿಗೆ ಬೇಕಾದದ್ದು, ಆ ಹೊತ್ತಿನಲ್ಲಿ ಅವನ ಮೈಮೇಲೆ ಏನಿತ್ತು, ಅದು ಯಾವ ಸ್ಥಿತಿಯಲ್ಲಿತ್ತು, ಎಷ್ಟು ಹೊತ್ತಿಗೆ ತೆಗೆದ. ಇದನ್ನು ಅವನ ಬಾಯಿಂದ, ಜೊತೆಗಿದ್ದ ಇಬ್ಬರ ಬಾಯಿಂದ ಬೇರೆ ಬೇರೆಯಾಗಿ ಕೇಳಿ ಬರೆಯಿರಿ. ಬೈಯಲು ಕೇಳುತ್ತಿದ್ದೀರಿ ಅಂತ ಅನಿಸಿದರೆ ‘ಹಾಕಿಕೊಂಡಿದ್ದೆ ಸಾರ್’ ಅಂದುಬಿಡುತ್ತಾರೆ.

ಗ್ಲೌಸ್ ಅಂದರೆ ಯಾವ ಗ್ಲೌಸ್? ಬಿಳಿ ನೂಲಿನದಾಗಿದ್ದರೆ ಅದು ಔಷಧಿ ಹೀರಿಕೊಂಡು ಕೈಗೆ ಅಂಟಿಸಿ ಇಡುತ್ತದೆ, ಬರಿಗೈಗಿಂತ ಕೆಟ್ಟದ್ದು. ಆಸ್ಪತ್ರೆಯಲ್ಲಿ ನಾವು ಹಾಕುವ ತೆಳು ಗ್ಲೌಸು ಇ.ಸಿ.ಯ ದ್ರಾವಕಕ್ಕೆ ತಡೆಯುವುದಿಲ್ಲ, ಬೇಗ ಹರಿಯುತ್ತದೆ. ಬೇಕಾದದ್ದು ದ್ರವ ಒಳಗೆ ಇಳಿಯದ, ಮುಂಗೈ ಅರ್ಧ ಮುಚ್ಚುವ ರಬ್ಬರ್ ಅಥವಾ ನೈಟ್ರೈಲ್ ಗ್ಲೌಸ್. ‘ಮುಂಗೈ ಅರ್ಧದವರೆಗೆ’ ಎಂಬುದು ನನ್ನ ಮಾತಲ್ಲ, 1971ರ ಕೀಟನಾಶಕ ನಿಯಮಗಳಲ್ಲೇ ಹೀಗೆ ಇದೆ. ಅದರೊಳಗೆ ತೂತು ಇತ್ತಾ ನೋಡಿ. ಗ್ಲೌಸಿಗೆ ನೀರು ತುಂಬಿ ಬಾಯಿ ಹಿಂಡಿದರೆ ಸೋರುವುದು ಗೊತ್ತಾಗುತ್ತದೆ. ಒಳಭಾಗ ಮೂಸಿ ನೋಡಬೇಡಿ, ಕೆಲವರು ಹಾಗೆ ಮಾಡುವುದನ್ನು ನೋಡಿದ್ದೇನೆ. ತೂತಾದ ಗ್ಲೌಸಿನೊಳಗೆ ಔಷಧಿ ಹೊಕ್ಕು, ಬೆವರಿನ ಜೊತೆ ಇಡೀ ದಿನ ಕೈಯನ್ನು ನೆನೆಸುತ್ತಿರುತ್ತದೆ.

ಮಾಸ್ಕೂ ಹಾಗೇ. ಕೊರೊನಾ ಕಾಲದ ಬಟ್ಟೆ ಮಾಸ್ಕು, ಧೂಳಿನ ಬಿಳಿ ಮಾಸ್ಕು ಹನಿಯನ್ನು ಸ್ವಲ್ಪ ತಡೆಯಬಹುದು, ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಒದ್ದೆಯಾದ ಬಟ್ಟೆಯಂತೂ ಮೂಗಿನ ಮೇಲೆ ಔಷಧಿಯ ಪಟ್ಟಿ ಕಟ್ಟಿದ ಹಾಗೆ. ಕಲಸುವವನಿಗೆ ಆವಿ ಹಿಡಿಯುವ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು. ಅದು ಇರಲಿಲ್ಲ ಅಂದರೆ ‘ಬಟ್ಟೆ ಮಾಸ್ಕ್’ ಅಂತಲೇ ಬರೆಯಿರಿ.

ಆದರೆ ಮಾಸ್ಕಿನ ಬಗ್ಗೆಯೇ ಯೋಚಿಸಿ ಪ್ಯಾಂಟನ್ನು ಮರೆಯಬೇಡಿ. ಔಷಧಿ ಹೊಡೆಯುವ ಕೆಲಸದಲ್ಲಿ ವಿಷ ಹೆಚ್ಚಾಗಿ ಒಳಗೆ ಹೋಗುವುದು ಚರ್ಮದ ಮೂಲಕ. ಮೈಯ ಎಲ್ಲ ಕಡೆಯ ಚರ್ಮವೂ ಒಂದೇ ತರ ಹೀರುವುದಿಲ್ಲ. ಇದೇ ಗುಂಪಿನ ಪ್ಯಾರಾಥಿಯಾನ್ ಇಟ್ಟು ಮಾಡಿದ ಹಳೆಯ ಪರೀಕ್ಷೆಯಲ್ಲಿ ಮುಂಗೈ ಚರ್ಮ ನೂರರಲ್ಲಿ ಒಂಬತ್ತು ಪಾಲು ಹೀರಿದರೆ, ವೃಷಣದ ಚರ್ಮ ಹಚ್ಚಿದ್ದನ್ನು ಪೂರ್ತಿ ಹೀರಿತ್ತು. ಬ್ಯಾರಲ್ ಅಂಚಿಗೆ ಒರಗಿ ಕೋಲಿನಲ್ಲಿ ತಿರುಗಿಸುವವನ ಪ್ಯಾಂಟಿನ ಮುಂಭಾಗ ಎಲ್ಲಿ ನೆನೆಯುತ್ತದೆ, ಯೋಚಿಸಿ. ಅದಕ್ಕೇ ಕಲಸುವವನಿಗೆ ಎದೆಯಿಂದ ಮೊಣಕಾಲಿನ ಕೆಳಗಿನವರೆಗೆ ಪ್ಲಾಸ್ಟಿಕ್ ಏಪ್ರನ್ ಬೇಕು ಅನ್ನುವುದು. ಬೂಟು ಹಾಕಿದ್ದರೆ ಪ್ಯಾಂಟ್ ಬೂಟಿನ ಒಳಗೆ ಸಿಕ್ಕಿಸಿದ್ದನಾ, ಹೊರಗೆ ಇಳಿಬಿಟ್ಟಿದ್ದನಾ ಅಂತಲೂ ಕೇಳಿ. ಒಳಗೆ ಸಿಕ್ಕಿಸಿದರೆ ಹರಿದ ನೀರೆಲ್ಲ ಬೂಟಿನಲ್ಲಿ ನಿಲ್ಲುತ್ತದೆ. ಬಟ್ಟೆ ಎಲ್ಲಿ ನೆನೆದಿತ್ತು, ಎಷ್ಟು ಹೊತ್ತು ನೆನೆದ ಬಟ್ಟೆಯಲ್ಲೇ ಇದ್ದ, ಸೋಪು ಹಚ್ಚಿ ತೊಳೆದದ್ದು ಯಾವಾಗ ಎಂಬ ಮೂರು ವಿಷಯ ಬರೆದರೆ ಡಾಕ್ಟರಿಗೆ ನೀವು ಬರೆಯುವ ಉಳಿದೆಲ್ಲದಕ್ಕಿಂತ ಜಾಸ್ತಿ ಉಪಯೋಗ.

ಅವನು ಯಾಕೆ ತೆಗೆದ ಅಂತ ಕೂಡ ಬರೆಯಿರಿ. ನಮ್ಮ ಕಡೆ ಮಳೆ ಬಿಟ್ಟ ಮೇಲೆ ಹತ್ತು ಗಂಟೆಯ ಬಿಸಿಲಿಗೇ ರಬ್ಬರ್ ಗ್ಲೌಸೊಳಗೆ ಕೈ ಬೇಯುತ್ತದೆ. ಮುಚ್ಚಳದ ಸೀಲ್ ಕೀಳಲು ಗ್ಲೌಸಿನಲ್ಲಿ ಹಿಡಿತ ಸಿಗುವುದಿಲ್ಲ, ತೆಗೆದು ಹಲ್ಲಿನಲ್ಲಿ ಕಚ್ಚುತ್ತಾರೆ. ಟೀ ಹೊತ್ತಿಗೆ ತೆಗೆದು ಬ್ಯಾರಲ್ ಮೇಲೆ ಇಟ್ಟು, ಕೈ ತೊಳೆಯದೆ ಎಲೆಅಡಿಕೆ ಹಾಕುತ್ತಾರೆ. ಕಾರಣ ಗೊತ್ತಾದರೆ ಅದನ್ನು ಸರಿ ಮಾಡಬಹುದು. ‘ಆಳಿನ ಅಜಾಗರೂಕತೆ’ ಅಂತ ಬರೆದರೆ ಸರಿ ಮಾಡಲು ಏನೂ ಉಳಿಯುವುದಿಲ್ಲ, ಪರಿಹಾರ ಕೇಳುವ ದಿನ ಬಂದರೆ ಅದೇ ಮಾತು ಅವನ ವಿರುದ್ಧ ಹೋಗುತ್ತದೆ.

ಸಮಯದ ಬಗ್ಗೆ ಸ್ವಲ್ಪ. ಕ್ಲೋರ್‌ಪೈರಿಫಾಸ್ ಮೈಯೊಳಗೆ ಹೋದ ತಕ್ಷಣ ಪೂರ್ತಿ ವಿಷ ಆಗುವುದಿಲ್ಲ. ಯಕೃತ್ತು ಅದನ್ನು ಇನ್ನೂ ಜೋರಾದ ಇನ್ನೊಂದು ರೂಪಕ್ಕೆ ತಿರುಗಿಸುತ್ತದೆ. ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುವುದೂ ಉಂಟು. ಹಾಗಾಗಿ ಬೆಳಿಗ್ಗೆ ಚೆಲ್ಲಿದ್ದಕ್ಕೆ ಸಂಜೆ ವಾಂತಿ ಶುರುವಾಗಬಹುದು. ‘ಮಧ್ಯಾಹ್ನ ಊಟದ ತನಕ ಚೆನ್ನಾಗಿದ್ದ, ಊಟದಿಂದಲೇ ಆಗಿರಬೇಕು’ ಅಂತ ವರದಿಯಲ್ಲಿ ತೀರ್ಮಾನ ಬರೆಯಬೇಡಿ. ಕೆಲಸ ಶುರುವಾದದ್ದು, ಪ್ರತಿ ಬ್ಯಾರಲ್ ಕಲಸಿದ್ದು, ಮೊದಲ ಲಕ್ಷಣ ಕಂಡದ್ದು, ಬಟ್ಟೆ ಬಿಚ್ಚಿ ತೊಳೆದದ್ದು, ಆಸ್ಪತ್ರೆ ಮುಟ್ಟಿದ್ದು, ಇಷ್ಟರ ಹೊತ್ತು ಬರೆಯಿರಿ. ಗಂಟೆ ನಿಖರವಾಗಿ ಗೊತ್ತಿಲ್ಲದಿದ್ದರೆ ‘ಟೀ ಆದ ಮೇಲೆ, ಮೂರನೇ ಬ್ಯಾರಲ್ ಹೊತ್ತಿಗೆ’ ಅಂತ ಬರೆದರೂ ಆಗುತ್ತದೆ.

ಲಕ್ಷಣ ಬರೆಯುವಾಗ ಕಣ್ಣಿಗೆ ಕಂಡದ್ದನ್ನೇ ಬರೆಯಿರಿ. ಬಿಸಿಲಿಗೆ ಬಿದ್ದವನಿಗೂ ಬೆವರು, ವಾಂತಿ ಇರುತ್ತದೆ. ಆದರೆ ಅವನ ಬಾಯಿ ಒಣಗಿರುತ್ತದೆ. ಈ ವಿಷದಲ್ಲಿ ಜೊಲ್ಲು ಸುರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕಣ್ಣಿನ ಕರಿ ಗುಡ್ಡೆಯ ನಡುವಿನ ಪಾಪೆ ಸಾಸಿವೆ ಕಾಳಿನಷ್ಟು ಕಿರಿದಾಗುತ್ತದೆ, ಕೆನ್ನೆ ಅಥವಾ ತೋಳಿನ ಮಾಂಸ ತಾನೇ ಪುಟಪುಟ ಅದುರುತ್ತದೆ. ‘ಪಾಪೆ ಕಿರಿದಾಗಿತ್ತು, ಜೊಲ್ಲು ಬರುತ್ತಿತ್ತು’ ಎಂಬ ಒಂದು ಸಾಲು ಇದ್ದರೆ, ಲ್ಯಾಬ್ ವರದಿ ಬರುವ ಮೊದಲೇ ಡಾಕ್ಟರ್ ಅಟ್ರೋಪಿನ್ ಶುರು ಮಾಡಬಲ್ಲರು.

ನಿಮ್ಮ ವಿಷಯದಲ್ಲಿ ನಾನು ಹೀಗೆ ಬರೆಯುತ್ತಿದ್ದೆ. ಗೊತ್ತಿಲ್ಲದ ಜಾಗ ಖಾಲಿ ಬಿಟ್ಟಿದ್ದೇನೆ, ನೀವು ಕೇಳಿ ತುಂಬಿ. ಗೊತ್ತಾಗದೇ ಹೋದರೆ ‘ತಿಳಿದುಬಂದಿಲ್ಲ’ ಅಂತ ಬರೆಯಿರಿ, ಊಹಿಸಿ ತುಂಬಬೇಡಿ.

“ಬಳಸಿದ ಔಷಧಿ: (ಕಂಪನಿ ಇಟ್ಟ ಹೆಸರು), ಕ್ಲೋರ್‌ಪೈರಿಫಾಸ್ ಶೇ. 50 + ಸೈಪರ್‌ಮೆಥ್ರಿನ್ ಶೇ. 5 ಇ.ಸಿ., ಲೇಬಲ್ ಬಣ್ಣ ......, ಬ್ಯಾಚ್ ನಂ. ......, ಅವಧಿ ಮುಗಿಯುವ ತಾರೀಕು ....... ಜೊತೆಗೆ ಅಂಟು ...... ಎಂ.ಎಲ್. ಬೇರೇನೂ ಸೇರಿಸಿಲ್ಲ / ಸೇರಿಸಿದ್ದು ....... ಈ ಔಷಧಿಯನ್ನು ನಮ್ಮ ತೋಟದಲ್ಲಿ ಬಳಸಿದ್ದು ಇದೇ ಮೊದಲು. ಇದಕ್ಕೆ ಮೊದಲು ಕ್ಲೋರ್‌ಪೈರಿಫಾಸ್ 20 ಇ.ಸಿ. ಬಳಸುತ್ತಿದ್ದೆವು.

200 ಲೀಟರ್ ನೀರಿಗೆ 600 ಎಂ.ಎಲ್. ಹಾಕಲಾಗಿದೆ. ಇದು ಹಳೆಯ ಔಷಧಿಯ ಅಳತೆ. ಹೊಸ ಔಷಧಿಯ ಕರಪತ್ರದಲ್ಲಿ ಇರುವ ಪ್ರಮಾಣ ...... ಎಂ.ಎಲ್. ಕಲಸುವ ಮೊದಲು ಕರಪತ್ರ ಓದಿರಲಿಲ್ಲ. ಒಟ್ಟು ...... ಬ್ಯಾರಲ್, ...... ಲೀಟರ್ ಔಷಧಿ, ಸ್ಟಾಕ್ ಬುಕ್ಕಿನ ಜೊತೆ ತಾಳೆ ನೋಡಲಾಗಿದೆ.

ಅಸ್ವಸ್ಥನಾದವನು ಔಷಧಿ ಅಳೆದು ಕಲಸುವ ಕೆಲಸದಲ್ಲಿ ...... ಗಂಟೆಯಿಂದ ...... ಗಂಟೆವರೆಗೆ ಇದ್ದ. ಗ್ಲೌಸ್: (ಯಾವ ಬಗೆ, ತೂತು ಇತ್ತೇ, ಯಾವಾಗ ತೆಗೆದ, ಯಾಕೆ). ಮಾಸ್ಕ್: (ಯಾವ ಬಗೆ). ಏಪ್ರನ್, ಕನ್ನಡಕ, ಬೂಟು: (ಇತ್ತು / ಇರಲಿಲ್ಲ). ಬಟ್ಟೆ ನೆನೆದಿದ್ದ ಜಾಗ ....... ನೆನೆದ ಬಟ್ಟೆಯಲ್ಲಿ ಇದ್ದ ಹೊತ್ತು ....... ಸೋಪಿನಿಂದ ತೊಳೆದದ್ದು ...... ಗಂಟೆಗೆ.”

ಇದರ ಕೆಳಗೆ ಆ ದಿನ ಜೊತೆಗಿದ್ದ ಉಳಿದ ಆಳುಗಳ ಹೆಸರು, ಅವರಲ್ಲಿ ಯಾರಿಗಾದರೂ ತಲೆನೋವು, ಹೊಟ್ಟೆ ನುಲಿತ, ಕಣ್ಣು ಮಂಜು ಇತ್ತಾ ಅಂತ ಇರಲಿ. ಅವರೂ ಅದೇ ಗಟ್ಟಿ ಬ್ಯಾರಲ್ಲಿನ ನೀರನ್ನೇ ಹೊಡೆದವರು. ಒಬ್ಬ ಆಸ್ಪತ್ರೆಗೆ ಹೋದಾಗ ಉಳಿದವರು ‘ನಮಗೇನಿಲ್ಲ’ ಅಂದು ಲೈನ್ ಮನೆಗೆ ಹೋಗಿ ಮಲಗುತ್ತಾರೆ. ಒಂದು ದಿನದ ಕೂಲಿ ಹೋಗುತ್ತದೆ ಎಂಬ ಹೆದರಿಕೆಯೂ ಇರುತ್ತದೆ. ಅಸ್ಸಾಂ ಕಡೆಯಿಂದ ಬಂದ ಆಳುಗಳಿದ್ದರೆ ಅವರ ಭಾಷೆ ಬಲ್ಲವರನ್ನು ಕೂರಿಸಿಕೊಂಡು ಕೇಳಿ.

ವರದಿ ಎರಡು ಪ್ರತಿ ಮಾಡಿ. ಒಂದು ಮ್ಯಾನೇಜರಿಗೆ, ಇನ್ನೊಂದು ಆಸ್ಪತ್ರೆಯ ಕೇಸ್ ಶೀಟಿಗೆ ಸೇರಲಿ. ಬಾಟಲಿ, ಕರಪತ್ರ ಎರಡರ ಫೋಟೋ ತೆಗೆದು ಅಂಟಿಸಿ. ಖಾಲಿ ಬಾಟಲಿ ತೊಳೆದು ಬಿಸಾಡುವ ಮೊದಲು ಒಂದನ್ನು ಬೇರೆ ಎತ್ತಿಡಿ. ಮುಂದೆ ಯಾವತ್ತಾದರೂ ಆಳು ಬಿದ್ದಾಗ ಇಷ್ಟೆಲ್ಲ ಬರೆಯುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಬಟ್ಟೆ ಬಿಚ್ಚಿಸಿ ಸೋಪು ನೀರಲ್ಲಿ ತೊಳೆಸಿ, ಬಾಟಲಿಯನ್ನೇ ಕವರಿಗೆ ಹಾಕಿ ಜೊತೆಗೆ ಕಳಿಸಿ. ತೊಳೆಯುವವರು ಗ್ಲೌಸ್ ಹಾಕಿರಬೇಕು. ವಿಷದ ಬಗ್ಗೆ ಡಾಕ್ಟರುಗಳೂ ಕೇಳಬಹುದಾದ ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ನಂಬರ್ 1800 116 117, ಸ್ಟೋರಿನ ಬಾಗಿಲಿಗೆ ಬರೆದಿಡಿ.

ಈಗ ಮನೆಗೆ ಬಂದಿರುವ ಆಳಿನ ವಿಷಯ. ಈ ವಿಷದಲ್ಲಿ ಮೊದಲ ಲಕ್ಷಣ ಇಳಿದ ಮೇಲೆ, ಒಂದರಿಂದ ನಾಲ್ಕು ದಿನದ ಒಳಗೆ, ಕುತ್ತಿಗೆ ಎತ್ತಲಾಗದ ಹಾಗೆ ಸೋಲುವುದು, ಉಸಿರು ಸಣ್ಣಗಾಗುವುದು ಕೆಲವರಲ್ಲಿ ಆಗುತ್ತದೆ. ದಿಂಬಿನಿಂದ ತಲೆ ಎತ್ತಲು ಹೇಳಿ ನೋಡಿ. ಆಗದಿದ್ದರೆ ಆ ಕ್ಷಣವೇ ವಾಪಸ್ ಆಸ್ಪತ್ರೆಗೆ. ರಕ್ತದಲ್ಲಿ ಕೋಲಿನೆಸ್ಟರೇಸ್ ನೋಡಿದ್ದರೆ ಆ ಚೀಟಿಯನ್ನು ವರದಿಗೆ ಲಗತ್ತಿಸಿ, ನೋಡಿಲ್ಲದಿದ್ದರೆ ಈಗಲಾದರೂ ಮಾಡಿಸಿ. ‘ನಾರ್ಮಲ್’ ಅಂತ ಬಂದರೂ ಪೂರ್ತಿ ನಂಬುವ ಹಾಗಿಲ್ಲ, ಒಬ್ಬೊಬ್ಬರ ಮಟ್ಟ ಒಂದೊಂದು ತರ ಇರುತ್ತದೆ. ಅವನದೇ ಮೊದಲಿನ ಮಟ್ಟ ಗೊತ್ತಿದ್ದರೆ ಮಾತ್ರ ಎಷ್ಟು ಇಳಿದಿದೆ ಅಂತ ಸರಿಯಾಗಿ ಹೇಳಬಹುದು. ಈ ಗುಂಪಿನ ಔಷಧಿ ಮುಟ್ಟುವವರಿಗೆ ತಿಂಗಳಿಗೊಮ್ಮೆ ಈ ಪರೀಕ್ಷೆ ಆಗಬೇಕು ಅಂತ ಅದೇ 1971ರ ನಿಯಮ ಹೇಳುವುದು ಇದಕ್ಕೇ. ನಾನು ನೋಡಿದ ಒಂದು ತೋಟದಲ್ಲೂ ಅದು ನಡೆಯುತ್ತಿರಲಿಲ್ಲ. ಮುಂದಿನ ಸುತ್ತಿಗೆ ಮೊದಲು ಸ್ಪ್ರೇ ತಂಡದ ಎಲ್ಲರಿಗೂ ಒಮ್ಮೆ ಮಾಡಿಸಿ ಅಂತ ವರದಿಯ ಕೊನೆಯಲ್ಲಿ ನೀವೇ ಕೇಳಿ.

ಕೆಂಪು ರಕ್ತಕಣದಲ್ಲಿ ಕಟ್ಟಿಹೋದ ಆ ಕಿಣ್ವ ಮೊದಲಿನಂತಾಗಲು ಹೊಸ ರಕ್ತಕಣ ಹುಟ್ಟಬೇಕು. ಜಾಸ್ತಿ ತಗುಲಿದವರಿಗೆ ಮೂರು ತಿಂಗಳು, ಒಮ್ಮೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಅಷ್ಟರೊಳಗೆ ಮತ್ತೆ ಸ್ವಲ್ಪ ತಗುಲಿದರೂ ಮೊದಲಿಗಿಂತ ಬೇಗ ಬೀಳುತ್ತಾನೆ. ಅವನನ್ನು ಸ್ಪ್ರೇ ಬಿಡಿಸಿ ಚಿಗುರು ತೆಗೆಯುವುದಕ್ಕೋ, ನರ್ಸರಿಗೋ ಹಾಕಿ, ಕೂಲಿ ಕಡಿಮೆ ಮಾಡಬೇಡಿ. ಯಾವ ತಾರೀಕಿನಿಂದ ಬೇರೆ ಕೆಲಸಕ್ಕೆ ಹಾಕಿದಿರಿ, ಮತ್ತೆ ರಕ್ತ ನೋಡುವುದು ಯಾವತ್ತು ಅಂತ ಎರಡು ತಾರೀಕು ಬರೆದು, ವರದಿ ಅವನಿಗೆ ಓದಿ ಹೇಳಿ, ಅವನ ಸಹಿ ಹಾಕಿಸಿಕೊಳ್ಳಿ.